ಉದ್ಯಾನದ ಚಿತ್ರದಲ್ಲಿ ಮೊದಲು ಮನುಷ್ಯರ ಕಣ್ಣು ಎಲ್ಲಿದೆ ನೋಡಿ

ಪ್ರಶ್ನೆ: ವಿಜಯಪುರದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ 10 ಗುಂಟೆ ಉದ್ಯಾನಕ್ಕೆ ವಿನ್ಯಾಸದ ಚಿತ್ರಗಳನ್ನು ಮಾಡುತ್ತಿದ್ದೇನೆ. ಗಿಡ, ಕಾಲುದಾರಿ, ಸಂಜೆಯ ದೀಪ ಎಲ್ಲವೂ ನಿಜವೆನಿಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ಚಿತ್ರದಲ್ಲಿ ಜನರನ್ನು ಹಾಕಲೇಬೇಕೇ?

ನಿಮ್ಮ ಎರಡನೆಯ ಪ್ರಶ್ನೆಯೇ ಮೊದಲನೆಯದಾಗಬೇಕಿತ್ತು. ಜನರನ್ನು ಹಾಕಲೇಬೇಕು. ಆದರೆ ಅವರನ್ನು ತಪ್ಪಾಗಿ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ಊರಿನಲ್ಲಿ ನಾನು ಬೆಲೆ ತೆತ್ತಿದ್ದೇನೆ.

ನನಗೆ ಸಿಕ್ಕಿದ್ದು 9 ಗುಂಟೆ ಜಾಗ, ಗಟ್ಟಿ ಎರೆಮಣ್ಣು. ಮೂರು ಬದಿಗೆ ಮನೆಗಳು, ಒಂದು ಬದಿಗೆ ಕಾಂಪೌಂಡ್ ಗೋಡೆ. ಸುತ್ತು ಹಾಕಿ ಬರಲು ಸುಮಾರು 320 ಅಡಿ ಉದ್ದದ ಕಾಲುದಾರಿ, ಅದರ ಹೊರಬದಿಗೆ ಬೇವು ಮತ್ತು ಹೊಂಗೆ, ಒಳಬದಿಗೆ ದಾಸವಾಳದ ಸಾಲು, ನಡುವೆ ಹುಲ್ಲು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದರಿಂದ ಜನ ಉದ್ಯಾನಕ್ಕೆ ಇಳಿಯುವುದೇ ಹೊತ್ತು ಮುಳುಗಿದ ಮೇಲೆ. ಹಾಗಾಗಿ ಸಂಜೆಯ ಚಿತ್ರವೇ ಮುಖ್ಯ ಎಂದು ಅದಕ್ಕೆ ಹೆಚ್ಚು ಸಮಯ ಕೊಟ್ಟೆ. ಅಷ್ಟು ಸರಿ.

ಮೊದಲ ಚಿತ್ರವನ್ನು 10 ಅಡಿ ಎತ್ತರದಿಂದ, ಮಹಡಿಯ ಬಾಲ್ಕನಿಯಲ್ಲಿ ನಿಂತು ನೋಡಿದಂತೆ ತೆಗೆದಿದ್ದೆ. ನಡೆಯುತ್ತಿರುವ ಗಂಡಹೆಂಡತಿ, ಅಜ್ಜ, ಇಬ್ಬರು ಹೆಂಗಸರು, ಹೀಗೆ ಜನರ ಫೋಟೋಗಳನ್ನು ಕತ್ತರಿಸಿ ಬೇರೆ ಲೇಯರಿನಲ್ಲಿ ಅಂಟಿಸಿದ್ದೆ. ಕಾರ್ಯದರ್ಶಿಗಳು ನೋಡಿ, "ಮೇಲಿನಿಂದ ಬೇಡ, ನಾವು ನಿಂತು ನೋಡಿದ ಹಾಗೆ ಇರಲಿ" ಎಂದರು. ಕ್ಯಾಮೆರಾವನ್ನು 5 ಅಡಿ 3 ಅಂಗುಲಕ್ಕೆ ಇಳಿಸಿ ಮತ್ತೊಮ್ಮೆ ರೆಂಡರ್ ಮಾಡಿದೆ. ಜನರಿದ್ದ ಹಳೆಯ ಲೇಯರನ್ನು ಮಾತ್ರ ಎತ್ತಿ ಹಾಗೆಯೇ ಮೇಲೆ ಇಟ್ಟೆ. ಸ್ವಲ್ಪ ಚಿಕ್ಕವರಾಗಿ ಕಂಡರು. ಕಣ್ಣಂದಾಜಿನಲ್ಲಿ ಕೊಂಚ ಹಿಗ್ಗಿಸಿ ಮುಗಿಸಿದೆ. ನಾನು ಮಾಡಿದ ತಪ್ಪು ಇದೊಂದೇ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದೆ ಕೆಟ್ಟದ್ದೆಲ್ಲ ಇದರಿಂದಲೇ ಕೆಟ್ಟಿತು.

ನೀವು ಸಮತಟ್ಟಾದ ನೆಲದಲ್ಲಿ ನಿಂತು ನೋಡುತ್ತಿದ್ದೀರಿ ಎನ್ನಿ. ನಿಮ್ಮ ಕಣ್ಣಿನ ಮಟ್ಟದಲ್ಲಿ ಚಿತ್ರಕ್ಕೆ ಅಡ್ಡಲಾಗಿ ಒಂದು ಗೆರೆ ಇರುತ್ತದೆ. ಅದೇ ಕ್ಷಿತಿಜ ರೇಖೆ. ನಿಮ್ಮಷ್ಟೇ ಎತ್ತರದವರು ಹತ್ತು ಅಡಿ ದೂರದಲ್ಲಿರಲಿ, ನೂರು ಅಡಿ ದೂರದಲ್ಲಿರಲಿ, ಅವರ ಕಣ್ಣು ಆ ಗೆರೆಯ ಮೇಲೆಯೇ ಬರುತ್ತದೆ. ದೂರ ಹೋದಷ್ಟೂ ಅವರ ಪಾದ ಚಿತ್ರದಲ್ಲಿ ಮೇಲಕ್ಕೆ ಏರುತ್ತದೆ, ಕಣ್ಣು ಮಾತ್ರ ಕದಲುವುದಿಲ್ಲ. ಸಂತೆಯಲ್ಲಿ ನಿಂತು ಒಮ್ಮೆ ನೋಡಿ, ನೂರಾರು ತಲೆಗಳು ಒಂದೇ ಸಾಲಿನಲ್ಲಿ ಕಾಣುತ್ತವೆ. ಅದೇ 10 ಅಡಿ ಎತ್ತರದಿಂದ ನೋಡಿದರೆ ಗೆರೆಯೂ 10 ಅಡಿಯಲ್ಲಿರುತ್ತದೆ. ಆಗ ಐದೂವರೆ ಅಡಿಯ ಮನುಷ್ಯ ಪಾದದಿಂದ ಆ ಗೆರೆಯವರೆಗಿನ ದೂರದ ಅರ್ಧಕ್ಕಿಂತ ಕೊಂಚ ಮೇಲೆ ಮುಗಿಯುತ್ತಾನೆ. ಬಾಲ್ಕನಿಯ ಚಿತ್ರಕ್ಕೆ ಅದು ಸರಿಯಾದ ಅಳತೆ.

ನಾನು ಆ ಜನರನ್ನು ನಿಂತು ನೋಡುವ ಚಿತ್ರಕ್ಕೆ ತಂದೆ. ಹಿಗ್ಗಿಸಿದ ಮೇಲೂ ಅವರ ನೆತ್ತಿ ಗೆರೆಯ ಮೂರನೇ ಎರಡರಷ್ಟು ಎತ್ತರಕ್ಕೇ ನಿಂತಿತ್ತು. ಗೆರೆ ಇರುವುದು 5 ಅಡಿ 3 ಅಂಗುಲದಲ್ಲಿ. ಅದರ ಮೂರನೇ ಎರಡು ಎಂದರೆ 3 ಅಡಿ 6 ಅಂಗುಲ. ಅಂದರೆ ನನ್ನ ಉದ್ಯಾನದಲ್ಲಿ ಓಡಾಡುತ್ತಿದ್ದ ಹಿರಿಯರೆಲ್ಲ ಐದು ವರ್ಷದ ಮಗುವಿನಷ್ಟು ಎತ್ತರವಿದ್ದರು. ಬೇರೆ ಬೇರೆಯಾಗಿ ನೋಡಿದರೆ ಇದು ತಿಳಿಯುವುದಿಲ್ಲ. ನೋಡುವವರು ಆ ಜನರನ್ನು ಐದೂವರೆ ಅಡಿಯವರೆಂದೇ ನಂಬಿ, ಉಳಿದದ್ದನ್ನೆಲ್ಲ ಅವರಿಂದಲೇ ಅಳೆಯುತ್ತಾರೆ. ಐದೂವರೆಯನ್ನು ಮೂರೂವರೆಯಿಂದ ಭಾಗಿಸಿದರೆ ಒಂದೂವರೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ನನ್ನ 4 ಅಡಿಯ ಕಾಲುದಾರಿ ಅವರ ಕಣ್ಣಿಗೆ 6 ಅಡಿಗಿಂತ ಅಗಲವಾಗಿ ಕಂಡಿತು. 8 ಅಡಿಯ ದೀಪಕಂಬ ಹನ್ನೆರಡೂವರೆ ಅಡಿಯದಾಗಿ ಕಂಡಿತು. ಆಳೆತ್ತರದ ಬೇವಿನ ಸಸಿ ನೆರಳು ಕೊಡುವ ಮರದಂತೆ ಕಂಡಿತು.

ಗೋಳಗುಮ್ಮಟವನ್ನೇ ನೆನಪಿಸಿಕೊಳ್ಳಿ. ಬರೀ ಆಕಾಶದ ಹಿನ್ನೆಲೆಯಲ್ಲಿ ತೆಗೆದ ಫೋಟೋದಲ್ಲಿ ಅದು ಎಷ್ಟು ದೊಡ್ಡದು ಎಂಬ ಅಂದಾಜೇ ಸಿಗುವುದಿಲ್ಲ. ಬಾಗಿಲ ಬಳಿ ನಿಂತ ಜನ ಕಂಡಾಗ, ಮೂಲೆಯ ಏಳಂತಸ್ತಿನ ಗೋಪುರಗಳ ಕಮಾನುಗಳನ್ನು ಎಣಿಸಿದಾಗ ಎದೆ ಝಲ್ಲೆನ್ನುತ್ತದೆ. ಅಲ್ಲಿ ಮನುಷ್ಯನೇ ಅಳತೆಗೋಲು. ನನ್ನ ಚಿತ್ರದಲ್ಲಿ ಆ ಅಳತೆಗೋಲನ್ನೇ ನಾನು ಕತ್ತರಿಸಿ ಇಟ್ಟಿದ್ದೆ.

ಸಭೆಯಲ್ಲಿ ಎಲ್ಲರೂ ಹೊಗಳಿದರು. "ಎಷ್ಟು ವಿಶಾಲವಾಗಿದೆ" ಎಂಬ ಮಾತನ್ನೇ ನಾಲ್ಕು ಜನ ಹೇಳಿದರು. ನಕ್ಷೆಯ ಹಾಳೆಯಲ್ಲಿ ಕಾಲುದಾರಿ 4 ಅಡಿ ಎಂದು ಸ್ಪಷ್ಟವಾಗಿ ಬರೆದಿತ್ತು, ಆದರೆ ಚಿತ್ರ ಎದುರಿಗಿದ್ದಾಗ ನಕ್ಷೆಯನ್ನು ಯಾರೂ ಓದುವುದಿಲ್ಲ. ಆ ಹೊಗಳಿಕೆ ಕಿವಿಗೆ ಬಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. 9 ಗುಂಟೆ ವಿಶಾಲವಾಗಿ ಕಂಡರೆ ಏನೋ ತಪ್ಪಿದೆ ಎಂದೇ ಅರ್ಥ.

ಕೆಲಸ ಮುಗಿದ ಮೊದಲ ವಾರವೇ ತಿಳಿಯಿತು. ದಿನವೂ ಜೊತೆಯಾಗಿ ಸುತ್ತು ಹಾಕುವ ಇಬ್ಬರು ಹಿರಿಯ ಹೆಂಗಸರು ನನ್ನನ್ನು ನಿಲ್ಲಿಸಿದರು. "ಚಿತ್ರದಲ್ಲಿ ನಾವಿಬ್ಬರೂ ಪಕ್ಕಪಕ್ಕ ಇದ್ದೆವಲ್ಲ ತಮ್ಮಾ, ಇಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕಾಗಿದೆ. ಮಾತಾಡುವುದು ಹೇಗೆ?" ಎಂದರು. ಇಬ್ಬರು ಸಲೀಸಾಗಿ ಜೊತೆಗೆ ನಡೆಯಲು ಕನಿಷ್ಠ 5 ಅಡಿ ಬೇಕು, ಎದುರಿನಿಂದ ಒಬ್ಬರು ಬಂದರೆ 6 ಅಡಿ ಬೇಕು. ನನ್ನ 4 ಅಡಿಯೂ ಪೂರ್ತಿ ಉಳಿಯಲಿಲ್ಲ. ದಾಸವಾಳವನ್ನು ಅಂಚಿನಿಂದ ಒಂದೇ ಅಡಿ ಬಿಟ್ಟು ನೆಟ್ಟಿದ್ದೆ. ಅದು ನಾಲ್ಕೂ ದಿಕ್ಕಿಗೆ ಎರಡೆರಡು ಅಡಿ ಹರಡಿದಾಗ ದಾರಿಯ ಒಂದು ಅಡಿಯನ್ನು ತಿಂದಿತು. ಜನ ಹುಲ್ಲಿಗೆ ಇಳಿದು ನಡೆದರು. ಮಳೆಗಾಲದಲ್ಲಿ ಆ ಅಂಚು ಎರೆಮಣ್ಣಿನ ಕೆಸರಾಗಿ, ಚಪ್ಪಲಿಗೆ ಅಂಟಿ ಮನೆಯೊಳಗೂ ಬಂತು.

ದೀಪದ ಕಥೆ ಇದಕ್ಕಿಂತ ಕೆಟ್ಟದ್ದು. ಚಿತ್ರದಲ್ಲಿ ಮನೆಗಳು ನೋಡುವವರ ಬೆನ್ನಿಗಿದ್ದವು, ಕಾಣುತ್ತಿದ್ದುದು ಕಾಂಪೌಂಡ್ ಗೋಡೆ ಮಾತ್ರ. ತಲೆಯಿಂದ ಎಷ್ಟೋ ಮೇಲಿದ್ದಂತೆ ಕಂಡ ದುಂಡನೆಯ ದೀಪ ನಿಜದಲ್ಲಿ ಇದ್ದದ್ದು 8 ಅಡಿಯಲ್ಲಿ. ಆ ಮನೆಗಳ ಅಡಿಪಾಯ ನೆಲದಿಂದ 2 ಅಡಿ ಎತ್ತರ, ಕಿಟಕಿ ಅದರ ಮೇಲೆ 3 ಅಡಿಗೆ ಆರಂಭವಾಗಿ 7 ಅಡಿಗೆ ಮುಗಿಯುತ್ತದೆ. ಉದ್ಯಾನದ ನೆಲದಿಂದ ಲೆಕ್ಕ ಹಾಕಿದರೆ ಕಿಟಕಿ ಇರುವುದು 5ರಿಂದ 9 ಅಡಿಯ ನಡುವೆ. ನನ್ನ ದೀಪ ಸರಿಯಾಗಿ ಅದರೊಳಗೇ ಬಂತು. ಕೆಳಮಹಡಿಯ ಒಂದು ಮನೆಯವರು ಮಲಗುವ ಕೋಣೆಯ ಪರದೆಗೆ ಒಳಗಿನಿಂದ ದಪ್ಪ ಬೆಡ್‌ಶೀಟ್ ಪಿನ್ನು ಚುಚ್ಚಿ ಕಟ್ಟಿದ್ದನ್ನು ನೋಡಿದೆ. ಆ ಬೆಡ್‌ಶೀಟಿನ ಮೇಲೂ ದೀಪದ ದುಂಡು ಕಲೆ ಬಿದ್ದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಇನ್ನೊಂದು ಮಾತಿದೆ, ಯಾವ ಸಾಫ್ಟ್‌ವೇರೂ ಇದನ್ನು ನಿಮಗೆ ಹೇಳುವುದಿಲ್ಲ. ಚಿತ್ರದಲ್ಲಿ ದೀಪ ಎಷ್ಟೇ ಬೆಳಗಿದರೂ ಅದು ಹಾಳೆಯ ಬಿಳುಪನ್ನು ಮೀರಲಾರದು. ಆದ್ದರಿಂದ ಚಿತ್ರ ಯಾರ ಕಣ್ಣನ್ನೂ ಕುಕ್ಕುವುದಿಲ್ಲ, ನಿಜವಾದ ದೀಪ ಕುಕ್ಕುತ್ತದೆ. ಮೇಲಾಗಿ ನಾವೆಲ್ಲ ಸಂಜೆಯ ಚಿತ್ರವನ್ನು ಸೂರ್ಯ ಮುಳುಗಿದ ಕೂಡಲೇ, ಆಕಾಶ ಇನ್ನೂ ನೀಲಿಯಾಗಿರುವಾಗ ತೋರಿಸುತ್ತೇವೆ. ಆ ನೀಲಿ ಬೆಳಕು ದೀಪಗಳ ನಡುವಿನ ಕತ್ತಲನ್ನು ತುಂಬಿ ಎಲ್ಲವನ್ನೂ ಹದವಾಗಿ ಕಾಣಿಸುತ್ತದೆ. ಅದು ಹೆಚ್ಚೆಂದರೆ ಅರ್ಧ ಗಂಟೆಯ ಸೊಬಗು. ರಾತ್ರಿ ಎಂಟೂವರೆಗೆ ಆಕಾಶ ಕಪ್ಪಾಗಿರುತ್ತದೆ, ಕಂಬದ ಬುಡದಲ್ಲಿ ಬೆಳಕು, ಎರಡು ಕಂಬಗಳ ನಡುವೆ ಕತ್ತಲು. ಜನ ನಡೆಯುವುದು ಆ ಎಂಟೂವರೆಯಲ್ಲಿ. ಸಮಿತಿಗೆ ನೀಲಿ ಆಕಾಶದ ಚಿತ್ರ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಪಕ್ಕದಲ್ಲೇ ಕಪ್ಪು ಆಕಾಶದ ಚಿತ್ರವೊಂದನ್ನು ಇಡದಿದ್ದರೆ ಅದು ಮೋಸ ಎಂದೇ ನನ್ನ ಅಭಿಪ್ರಾಯ.

ಕೊನೆಗೆ ಒಳಬದಿಯ ಅಂಚುಗಲ್ಲುಗಳನ್ನೆಲ್ಲ ಕಿತ್ತು, ದಾಸವಾಳವನ್ನು ಮೂರು ಅಡಿ ಹಿಂದಕ್ಕೆ ಸರಿಸಿ ಕಾಲುದಾರಿಯನ್ನು 6 ಅಡಿ ಮಾಡಿದೆವು. ಹೊರಬದಿಗೆ ಅಗಲಿಸಲು ಬೇವಿನ ಸಸಿಗಳು ಬಿಡಲಿಲ್ಲ. ಮನೆಗಳ ಬದಿಯ ಕಂಬಗಳನ್ನು ತೆಗೆದು, ಕಿಟಕಿಯ ಕೆಳಗೇ ಉಳಿಯುವ 3 ಅಡಿ ಎತ್ತರದ ಗಿಡ್ಡ ಕಂಬದ ದೀಪಗಳನ್ನು ಹಾಕಿದೆವು. ಅವಕ್ಕೆ ಮೇಲೆ ಮುಚ್ಚಳವಿದೆ, ಹಳದಿ ಬೆಳಕು ನೆಲಕ್ಕೆ ಮಾತ್ರ ಬೀಳುತ್ತದೆ. ನನ್ನ ಸಂಭಾವನೆಯ ಎರಡನೆಯ ಕಂತು ಪೂರ್ತಿ ಇದಕ್ಕೇ ಹೋಯಿತು, ನಾನಾಗಿಯೇ ಬಿಟ್ಟುಕೊಟ್ಟೆ.

ಈಗ ನಿಮ್ಮ ಸಾಫ್ಟ್‌ವೇರಿನ ವಿಷಯ. ಸಮಿತಿಯ ಸಭೆಗೆ ಮೊದಲು ಕಂಪ್ಯೂಟರ್ ಮುಚ್ಚಿ ಜಾಗಕ್ಕೆ ಹೋಗಿ. 10 ಅಡಿಯ ಬಿದಿರು ಕೋಲಿಗೆ ಅಡಿ ಅಡಿಗೊಂದು ಬಣ್ಣದ ಪಟ್ಟಿ ಬಳಿದು, ನಿಮ್ಮಷ್ಟೇ ಎತ್ತರದ ಪರಿಚಯದವರ ಕೈಗೆ ಕೊಟ್ಟು ಕಾಲುದಾರಿ ಬರುವ ಕಡೆ ನಿಲ್ಲಿಸಿ. ಮೊಬೈಲನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು, ಮೇಲೆ ಕೆಳಗೆ ಬಾಗಿಸದೆ, ಒಂದು ಫೋಟೋ ಮನೆಗಳ ಕಡೆಗೆ, ಒಂದು ಗೋಡೆಯ ಕಡೆಗೆ ತೆಗೆಯಿರಿ. ಆ ಫೋಟೋದ ಮೇಲೆಯೇ ಗಿಡ, ದಾರಿ, ದೀಪಗಳನ್ನು ಬರೆಯಿರಿ. ಕೋಲು ನಿಂತಿರುವಲ್ಲಿ ಅಳತೆ ತಪ್ಪುವುದು ಕಷ್ಟ. ಉಳಿದ ಕಡೆ ಜನರನ್ನು ಹಾಕುವಾಗ ಕೋಲು ಹಿಡಿದವರ ಕಣ್ಣಿನ ಮೂಲಕ ಅಡ್ಡಗೆರೆ ಎಳೆದು, ನಿಂತ ಹಿರಿಯರೆಲ್ಲರ ಕಣ್ಣನ್ನು ಅದಕ್ಕೆ ತಾಗಿಸಿ. ಕುಳಿತವರು, ಮಕ್ಕಳು ಅದರ ಕೆಳಗೆ ಬರುತ್ತಾರೆ. ಸಾಫ್ಟ್‌ವೇರುಗಳ ಜೊತೆ ಬರುವ ಹೊರದೇಶದ ಮರಗಳನ್ನು ಬಿಟ್ಟು, ನರ್ಸರಿಯಲ್ಲಿ ನೀವು ಕೊಳ್ಳಲಿರುವ ಸಸಿಯ ಫೋಟೋವನ್ನೇ ಅದರ ಈಗಿನ ಎತ್ತರದಲ್ಲಿ ಹಾಕಿ. ಐದು ವರ್ಷದ ನಂತರದ ಚಿತ್ರ ಬೇಕಿದ್ದರೆ ಬೇರೆ ಹಾಳೆಯಲ್ಲಿ, ವರ್ಷ ಬರೆದು ಕೊಡಿ.

ಆಮೇಲೆ ಒಂದು ಸಂಜೆ ಸಮಿತಿಯವರನ್ನೇ ಜಾಗಕ್ಕೆ ಕರೆಯಿರಿ. ಸುಣ್ಣದ ಪುಡಿಯಿಂದ ಕಾಲುದಾರಿಯ ಎರಡೂ ಅಂಚನ್ನು ಇಪ್ಪತ್ತು ಅಡಿ ಉದ್ದಕ್ಕೆ ಎಳೆದು, ಅದೇ ಬಿದಿರು ಕೋಲಿಗೆ ನೀವು ಯೋಚಿಸಿರುವ ಎತ್ತರಕ್ಕೆ ಬಲ್ಬ್ ಕಟ್ಟಿ ಹೊತ್ತಿಸಿ. ಇಬ್ಬರು ಆ ಗೆರೆಗಳ ನಡುವೆ ಮಾತಾಡುತ್ತಾ ನಡೆಯಲಿ, ಇನ್ನೊಬ್ಬರು ಕೆಳಮಹಡಿಯ ಕೋಣೆಯಲ್ಲಿ ದೀಪ ಆರಿಸಿ ಹಾಸಿಗೆಯ ಮೇಲೆ ಮಲಗಿ ಕಿಟಕಿಯತ್ತ ನೋಡಲಿ.