ಫಂಡ್ ಮ್ಯಾನೇಜರ್‌ಗಳು ಸೂಚ್ಯಂಕದೆದುರು ಸೋಲುವುದೇಕೆ?

“ಇಡೀ ದಿನ ಷೇರುಗಳನ್ನೇ ಅಧ್ಯಯನ ಮಾಡುವ ಫಂಡ್ ಮ್ಯಾನೇಜರ್‌ಗಳಿಗೂ ಮಾರುಕಟ್ಟೆಯ ಒಟ್ಟಾರೆ ಏರಿಳಿತ ತೋರಿಸುವ ಸೂಚ್ಯಂಕವನ್ನು ಸತತವಾಗಿ ಮೀರಿಸಲು ಏಕೆ ಆಗುವುದಿಲ್ಲ?”

ಅವರು ದಡ್ಡರೆಂದಲ್ಲ. ಅವರಿಗೆ ಮಾರುವವರೂ ಅವರಿಂದ ಕೊಳ್ಳುವವರೂ ಅಷ್ಟೇ ಚುರುಕಾಗಿರುವುದೇ ತೊಂದರೆ. ಲಾಭ ಹೆಚ್ಚುವ ಸುಳಿವು ಸಿಕ್ಕೊಡನೆ ಎಲ್ಲರೂ ಮುಗಿಬೀಳುತ್ತಾರೆ. ನೀವು ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಆ ಸುದ್ದಿ ಬೆಲೆಯೊಳಗೆ ಸೇರಿಹೋಗಿರುತ್ತದೆ. ಕಂಪನಿ ಒಳ್ಳೆಯದಾಗಿದ್ದರೆ ಸಾಲದು, ಉಳಿದವರು ಎಣಿಸಿದ್ದಕ್ಕಿಂತಲೂ ಒಳ್ಳೆಯದಾಗಿರಬೇಕು.

ಇದರ ಮೇಲೆ ಶುಲ್ಕದ ಹೊರೆ. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ 2008ರಿಂದ ಹತ್ತು ವರ್ಷಗಳ ಅವಧಿಗೆ ಒಂದು ಪಂತ ಕಟ್ಟಿದರು. ಅವರ ಕಡೆ ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕವಾದ ಎಸ್ ಅಂಡ್ ಪಿ 500 ಅನ್ನು ಹಾಗೆಯೇ ಅನುಸರಿಸುವ ಸಾದಾ ಇಂಡೆಕ್ಸ್ ಫಂಡ್. ಎದುರಾಳಿ ಆರಿಸಿದ್ದು ಸಿರಿವಂತರ ಹಣವನ್ನು ದುಬಾರಿ ಶುಲ್ಕಕ್ಕೆ ನಿರ್ವಹಿಸುವ ಹಲವಾರು ಹೆಡ್ಜ್ ಫಂಡ್‌ಗಳಲ್ಲಿ ಹಣ ತೊಡಗಿಸುವ ಐದು ಫಂಡ್‌ಗಳನ್ನು. ಇಲ್ಲಿ ಹೆಡ್ಜ್ ಫಂಡ್‌ಗೊಂದು ಶುಲ್ಕ, ಅದನ್ನು ಆರಿಸಿಕೊಟ್ಟವರಿಗೆ ಮತ್ತೊಂದು! 2008ರ ಕುಸಿತದಲ್ಲಿ ಐದೂ ಬಫೆಟ್‌ರನ್ನು ಹಿಂದೆ ಹಾಕಿದ್ದವು. 2017ರ ಕೊನೆಗೆ ನೋಡಿದರೆ ಇಂಡೆಕ್ಸ್ ಫಂಡ್ ಸುಮಾರು ಶೇ 126ರಷ್ಟು ಬೆಳೆದಿತ್ತು. ಐದರಲ್ಲಿ ಅತ್ಯುತ್ತಮವಾದದ್ದು ಶೇ 88ರ ಆಸುಪಾಸಿನಲ್ಲಿತ್ತು.

ಮೀರಿಸುವವರು ಇಲ್ಲವೇ ಇಲ್ಲ ಎನ್ನಲಾರೆ. ಆದರೆ ಅವರು ಯಾರೆಂದು ಮುಂಚಿತವಾಗಿ ಗುರುತಿಸುವುದು ಕಷ್ಟ. ಕಳೆದ ವರ್ಷದ ಗಳಿಕೆ ನೋಡಿ ಫಂಡ್ ಆರಿಸುವವರು 2008ರ ಕೊನೆಯಲ್ಲಿ ಯಾರ ಕಡೆ ಹೋಗುತ್ತಿದ್ದರು ಎಂದು ನೀವೇ ಊಹಿಸಿ.