ಸಂಬಂಧ ಹುಡುಕುವ ಪ್ರಶ್ನೆಗಳಲ್ಲಿ ಒಂದೇ ಉತ್ತರಕ್ಕೆ ಬರುವ ಬಗೆ

ಪ್ರಶ್ನೆ: ಮೆಂಟಲ್ ಎಬಿಲಿಟಿಯಲ್ಲಿ ಜೋಡಿಪದದ ಪ್ರಶ್ನೆ ಬಂದಾಗ ಎರಡು ಆಯ್ಕೆ ಸರಿ ಅನ್ಸುತ್ತೆ. ಗುಂಪಿಗೆ ಸೇರದ್ದು ಹುಡುಕೋವಾಗಲೂ ಹಾಗೇ. ಏನು ಮಾಡ್ಬೇಕು?

ಆಯ್ಕೆಗಳನ್ನು ನೋಡುವ ಮೊದಲೇ, ಕೊಟ್ಟ ಜೋಡಿಯನ್ನು ಒಂದು ಪೂರ್ತಿ ವಾಕ್ಯವಾಗಿ ಹೇಳಿಕೊಳ್ಳಿ. ಆ ವಾಕ್ಯದಲ್ಲಿ ಕ್ರಿಯಾಪದ ಇರಲೇಬೇಕು. ‘ಇವೆರಡಕ್ಕೂ ಸಂಬಂಧ ಇದೆ’ ಅನ್ನುವಷ್ಟಕ್ಕೇ ನಿಂತರೆ ಎಲ್ಲ ಆಯ್ಕೆಗಳೂ ಒಪ್ಪುವಂತೆಯೇ ಕಾಣುತ್ತವೆ.

ಬಡಗಿ : ಗರಗಸ ಅಂತ ಕೊಟ್ಟಿದ್ದಾರೆ ಎಂದುಕೊಳ್ಳಿ. ಆಯ್ಕೆಗಳು: ಕುಂಬಾರ : ಮಡಕೆ, ಕುಂಬಾರ : ತಿಗರಿ, ಕತ್ತರಿ : ದರ್ಜಿ, ರೈತ : ಕುಡುಗೋಲು.

ಮೊದಲು ‘ಬಡಗಿ ಗರಗಸವನ್ನು ಬಳಸುತ್ತಾನೆ’ ಎಂದು ಹೇಳಿ ನೋಡಿ. ಮಡಕೆ ಕುಂಬಾರ ಮಾಡುವ ವಸ್ತು, ಉಪಕರಣವಲ್ಲ, ಹಾಗಾಗಿ ಅದು ಹೋಯಿತು. ಕತ್ತರಿ : ದರ್ಜಿ ಸಹ ಹೋಗುತ್ತದೆ, ಯಾಕೆಂದರೆ ಅಲ್ಲಿ ಉಪಕರಣ ಮೊದಲು ಬಂದು ಕೆಲಸಗಾರ ಆಮೇಲೆ ಬಂದಿದ್ದಾನೆ. ಅವಸರದಲ್ಲಿ ಓದುವವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ: ಪದಗಳು ಸರಿ ಇರುತ್ತವೆ, ಕ್ರಮ ತಿರುಗಿರುತ್ತದೆ. ಈಗ ತಿಗರಿ, ಕುಡುಗೋಲು ಎರಡೂ ಉಳಿದವು. ಎರಡು ಉಳಿದರೆ ನಿಮ್ಮ ವಾಕ್ಯ ಸಡಿಲವಾಗಿದೆ ಎಂದೇ ಅರ್ಥ. ಅಂದಾಜಿನ ಮೇಲೆ ಒಂದನ್ನು ಆರಿಸಬೇಡಿ, ವಾಕ್ಯವನ್ನು ಬಿಗಿ ಮಾಡಿ: ‘ಬಡಗಿ ಗರಗಸದಿಂದ ಕೊಯ್ಯುತ್ತಾನೆ.’ ತಿಗರಿ ಮಣ್ಣಿಗೆ ಆಕಾರ ಕೊಡಲು ಇರುವುದು, ಕೊಯ್ಯಲು ಅಲ್ಲ. ಕುಡುಗೋಲಿನಿಂದ ರೈತ ಪೈರು ಕೊಯ್ಯುತ್ತಾನೆ. ಅದೇ ಉತ್ತರ.

ಹಾಗಂತ ಮೊದಲೇ ‘ಮರವನ್ನು ಕೊಯ್ಯುತ್ತಾನೆ’ ಎಂದು ಬಿಗಿ ಮಾಡಿದರೆ ಯಾವ ಆಯ್ಕೆಯೂ ಉಳಿಯುವುದಿಲ್ಲ. ಎಲ್ಲವೂ ಬಿದ್ದುಹೋದರೆ ಒಂದು ಹೆಜ್ಜೆ ಸಡಿಲಿಸಿ.

ಸಂಖ್ಯೆಗಳಲ್ಲೂ ದಾರಿ ಇದೇ. 6 : 42 :: 9 : ? ಎಂದಾಗ ತಕ್ಷಣ ‘7ರಿಂದ ಗುಣಿಸು’ ಅನ್ನಿಸಿ 63 ಹುಡುಕುತ್ತೇವೆ. ಆಯ್ಕೆಗಳು 72, 81, 84, 90 ಆಗಿದ್ದರೆ 63 ಇಲ್ಲವೇ ಇಲ್ಲ. 42 ಅಂದರೆ 6 × 7, ಅಂದರೆ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿದ್ದಾರೆ. 9 × 10 = 90. ಒಂದೇ ಜೋಡಿಗೆ ಹಲವು ನಿಯಮ ಹೊಂದಬಹುದು, ಆದ್ದರಿಂದ ಎರಡು ನಿಯಮವನ್ನಾದರೂ ಬದಿಯಲ್ಲಿ ಬರೆದುಕೊಂಡು ಆಮೇಲೆ ಆಯ್ಕೆಗಳತ್ತ ಹೋಗಿ. 63 ಮತ್ತು 90 ಎರಡೂ ಇದ್ದುಬಿಟ್ಟರೆ ದೋಷ ಪ್ರಶ್ನೆಯದ್ದೇ. ಕೀ ಉತ್ತರ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಬಹುದು.

ಗುಂಪಿಗೆ ಸೇರದ್ದರಲ್ಲಿ ಮಾತ್ರ ಯೋಚನೆಯ ದಿಕ್ಕು ಬದಲಾಗಬೇಕು. ಬೇರೆ ಥರ ಇರುವುದನ್ನು ಹುಡುಕಬೇಡಿ, ಉಳಿದ ಮೂರನ್ನು ಒಟ್ಟು ಮಾಡುವ ಗುಣವನ್ನು ಹುಡುಕಿ. 16, 25, 36, 48 ನೋಡಿ. 25 ಒಂದೇ ಬೆಸಸಂಖ್ಯೆ, ಹಾಗಾಗಿ ಕಣ್ಣು ಮೊದಲು ಅದರ ಮೇಲೇ ಬೀಳುತ್ತದೆ. ಆದರೆ 16, 25, 36 ಪೂರ್ಣವರ್ಗಗಳು, 48 ಅಲ್ಲ. ಎರಡು ಕಾರಣಗಳು ಎದುರಾದಾಗ ಹೆಚ್ಚು ಅಪರೂಪದ ಗುಣಕ್ಕೆ ಬೆಲೆ ಕೊಡಿ. ಯಾವುದೇ ಮೂರು ಸಂಖ್ಯೆಗಳು ಸಮವಾಗಿರುವುದು ಸುಮ್ಮನೆ ಆಗಿಬಿಡಬಹುದು, ಮೂರೂ ಪೂರ್ಣವರ್ಗವಾಗಿರುವುದು ಪ್ರಶ್ನೆ ತೆಗೆದವರು ಬೇಕೆಂದೇ ಇಟ್ಟದ್ದು. ಉತ್ತರ 48.