ಮೂರನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿ

«ಕುಷ್ಟಗಿ ಹತ್ತಿರ ದಾಳಿಂಬೆ ತೋಟ. ಹತ್ತು ವರ್ಷದ ಆದಾಯ ಇವತ್ತಿನ ಬೆಲೆಗೆ ಇಳಿಸಿ ನೋಡಿದೆ. ಕೃಷಿ ಹೊಂಡ: ಖರ್ಚು 4 ಲಕ್ಷ, ಆದಾಯ 3.5. ಡ್ರಿಪ್: ಖರ್ಚು 2, ಆದಾಯ 1.2. ಬೋರ್: ಖರ್ಚು 3, ಆದಾಯ 4.2. ಬೋರ್ ಒಂದೇ ಸಾಕಲ್ವಾ?»

ಸರ್, ಅವಸರ ಬೇಡ. ಹೊಂಡ ಒಂದೇ ಇದ್ದರೆ ಕಾಲುವೆಯಲ್ಲಿ ಹಾಯಿಸಿದ ನೀರು ಬೇಗ ಮುಗಿಯುತ್ತದೆ. ಡ್ರಿಪ್ ಒಂದೇ ಇದ್ದರೆ ಏಪ್ರಿಲ್‌ನಲ್ಲಿ ಪೈಪಿಗೆ ನೀರೇ ಇಲ್ಲ. ಎರಡೂ ಸೇರಿದರೆ ಅದೇ ಹೊಂಡ ಬೇಸಿಗೆ ದಾಟಿಸುತ್ತದೆ. ಈ ಜೋಡಿಗೆ ಆದಾಯ 8.5 ಲಕ್ಷ ಅಂತ ಇಟ್ಟುಕೊಳ್ಳಿ. ಖರ್ಚು 6, ಉಳಿಯುವುದು 2.5. ಬೋರ್ ಒಂದರಲ್ಲಿ ಉಳಿಯುವುದು 1.2 ಮಾತ್ರ.

ಬೋರ್ ಮತ್ತು ಹೊಂಡದ ಕತೆ ಬೇರೆ. ಎರಡೂ ಕೊಡುವುದು ನೀರನ್ನೇ. ಬೋರ್ ಜೊತೆ ಡ್ರಿಪ್‌ಗೆ ಆದಾಯ 6.8 ಬಂದರೆ 1.8 ಉಳಿಯುತ್ತದೆ. ಮೂರನ್ನೂ ಮಾಡಿದರೆ ಖರ್ಚು 9, ಆದಾಯ ಸುಮಾರು 9.6, ಉಳಿಯುವುದು ಬರೀ 0.6. ಎರಡನೇ ನೀರಿನ ಮೂಲಕ್ಕೆ ಸುಮ್ನೆ ದುಡ್ಡು ಹಾಕಿದಂತೆ.

ಜೋಡಿಯ ಆದಾಯ ನನ್ನ ಅಂದಾಜು, ನಿಮ್ಮ ತೋಟದ್ದನ್ನು ಹಾಕಿಕೊಳ್ಳಿ. ಬಿಡಿ ಬಿಡಿ ಆದಾಯಗಳನ್ನು ಕೂಡಿಸಬೇಡಿ. ಮೂರರಲ್ಲಿ ಯಾವುದನ್ನು ಮಾಡುವುದು, ಯಾವುದನ್ನು ಬಿಡುವುದು ಅಂತ ಎಲ್ಲಾ ಸೇರಿಕೆಗಳಿಗೂ ಒಂದೊಂದರಂತೆ ಎಂಟು ಸಾಲು ಬರೆಯಿರಿ, ಏನೂ ಮಾಡದಿರುವುದೂ ಒಂದು ಸಾಲು. ನಾನು ಒಮ್ಮೆ ಒಂದೇ ಮೋಟರನ್ನು ಎರಡು ಕಡೆ ಖರ್ಚಿಗೆ ಹಾಕಿ ಒಳ್ಳೆ ಜೋಡಿಯನ್ನೇ ಬಿಟ್ಟಿದ್ದೆ. ಅದನ್ನೂ ನೋಡಿಕೊಳ್ಳಿ.

ಕೈಯಲ್ಲಿ 5 ಲಕ್ಷವೇ ಇದ್ದರೆ ಬೋರ್ ಮತ್ತು ಡ್ರಿಪ್ ಗೆಲ್ಲುತ್ತದೆ. ಆದರೆ ನಾಲ್ಕನೇ ವರ್ಷಕ್ಕೇ ಬೋರ್ ಬತ್ತಿದರೆ ಎಷ್ಟು ಉಳಿಯುತ್ತದೆ ಅಂತ ಇನ್ನೊಂದು ಸಲ ಹಾಕಿ ನೋಡಿ.